ಬಿಲ್ಲಿನಿಂದ ಲೆಕ್ಕದ ಪುಸ್ತಕಕ್ಕೆ

ಅಂಗಡಿಯ ಕೌಂಟರಿನಲ್ಲಿ ಬಿಲ್ ಹಾಕುವ ತಂತ್ರಾಂಶ ಬೇರೆ, ಒಳಕೋಣೆಯಲ್ಲಿ ಅಕೌಂಟೆಂಟರು ಲೆಕ್ಕ ಬರೆಯುವ ತಂತ್ರಾಂಶ ಬೇರೆ. ಮೊದಲನೆಯದು ಸರಕು, ದರ, ತೆರಿಗೆ ಕೂಡಿಸಿ ಗಿರಾಕಿಯ ಕೈಗೆ ಇನ್‌ವಾಯ್ಸ್ ಕೊಡುತ್ತದೆ. ಎರಡನೆಯದು ಅದೇ ವ್ಯಾಪಾರವನ್ನು ಲೆಡ್ಜರುಗಳ ಭಾಷೆಯಲ್ಲಿ ಬರೆದುಕೊಳ್ಳುತ್ತದೆ: ಗಿರಾಕಿಯ ಖಾತೆಗೆ ಇಷ್ಟು ಡೆಬಿಟ್, ಮಾರಾಟದ ಖಾತೆಗೆ ಇಷ್ಟು ಕ್ರೆಡಿಟ್, ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ಖಾತೆಗಳಿಗೆ ಇಷ್ಟಿಷ್ಟು. ಇವೆರಡರ ನಡುವೆ ಕೈಯಿಂದ ನಕಲು ಮಾಡುವ ಕೆಲಸವನ್ನು ತಪ್ಪಿಸಲು ಎಪಿಐ ಎಂಬ ದಾರಿಯಿದೆ. ಒಂದು ತಂತ್ರಾಂಶ ಗೊತ್ತಾದ ರೂಪದಲ್ಲಿ ಬೇಡಿಕೆ ಕಳಿಸುತ್ತದೆ, ಇನ್ನೊಂದು ಗೊತ್ತಾದ ರೂಪದಲ್ಲಿ ಉತ್ತರ ಕೊಡುತ್ತದೆ. ಜೋಡಣೆ ಮಾಡುವುದು ಹೆಚ್ಚು ಕಷ್ಟವಲ್ಲ. ಕಳಿಸಿದ ಬಿಲ್ ಆ ಕಡೆ ದಾಖಲಾಗದೆ ಹೋದಾಗ, ಅಥವಾ ಎರಡು ಸಲ ದಾಖಲಾದಾಗ, ಅದನ್ನು ಕಂಡುಹಿಡಿದು ಸರಿಪಡಿಸುವುದರಲ್ಲೇ ನಿಜವಾದ ಕೆಲಸವಿದೆ.

ಇಲ್ಲಿ ಉದಾಹರಣೆಗೆ ಟ್ಯಾಲಿಯನ್ನೇ ತೆಗೆದುಕೊಳ್ಳಬಹುದು. ಬೆಂಗಳೂರಿನಲ್ಲಿ ಬೆಳೆದ ಈ ತಂತ್ರಾಂಶ ಕರ್ನಾಟಕದ ಸಣ್ಣ ಪೇಟೆಗಳ ಅಂಗಡಿಗಳಲ್ಲೂ ತೆರಿಗೆ ಸಲಹೆಗಾರರ ಕಚೇರಿಗಳಲ್ಲೂ ಕಾಣಸಿಗುತ್ತದೆ. ಈಗ ಬಳಕೆಯಲ್ಲಿರುವ ಟ್ಯಾಲಿಪ್ರೈಮ್ 2020ರಲ್ಲಿ ಬಂತು. ಹೊರಗಿನ ತಂತ್ರಾಂಶಗಳೊಡನೆ ಮಾತಾಡಲು ಅದಕ್ಕೆ ಒಂದು ಬಾಗಿಲಿದೆ: ಕಂಪ್ಯೂಟರಿನ 9000ನೇ ಪೋರ್ಟ್. ಸೆಟ್ಟಿಂಗ್ಸ್‌ನ ಕನೆಕ್ಟಿವಿಟಿ ವಿಭಾಗದಲ್ಲಿ ಟ್ಯಾಲಿಯನ್ನು ಸರ್ವರ್ ಆಗಿಯೂ ಕೆಲಸ ಮಾಡುವಂತೆ ಹೊಂದಿಸಿದರೆ ಆ ಬಾಗಿಲು ತೆರೆಯುತ್ತದೆ. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ `http://localhost:9000` ಎಂದು ಬೆರಳಚ್ಚಿಸಿದಾಗ ಸರ್ವರ್ ನಡೆಯುತ್ತಿದೆ ಎಂಬ ಒಂದು ಸಾಲು ಕಂಡರೆ ದಾರಿ ತೆರೆದಿದೆ ಎಂದು ಅರ್ಥ.

ಈ ಬಾಗಿಲಿಗೆ ತನ್ನದೇ ಆದ ಗುಪ್ತಪದದ ಕಾವಲಿಲ್ಲ ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಟ್ಯಾಲಿಯಲ್ಲಿ ಕಂಪನಿಯ ಕಡತ ತೆರೆದಿದ್ದರೆ, ಆ ಪೋರ್ಟನ್ನು ಮುಟ್ಟಬಲ್ಲ ಯಾವ ಯಂತ್ರವಾದರೂ ಅದರೊಳಗೆ ಬರೆಯಬಲ್ಲದು. ಹಾಗಾಗಿ ಅದನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದು ಯಾವ ಕಾರಣಕ್ಕೂ ಸಲ್ಲದು. ಬಿಲ್ಲಿಂಗ್ ತಂತ್ರಾಂಶ ದೂರದ ಸರ್ವರಿನಲ್ಲಿದ್ದರೆ, ಅಂಗಡಿಯ ಕಂಪ್ಯೂಟರಿನಲ್ಲೇ ಒಂದು ಪುಟ್ಟ ಪ್ರೋಗ್ರಾಂ ಕೂರಿಸಬೇಕು. ಅದು ಹೊರಗೆ ಹೋಗಿ ಹೊಸ ಬಿಲ್ಲುಗಳನ್ನು ತಂದು, ಒಳಗಿನಿಂದಲೇ ಟ್ಯಾಲಿಗೆ ಕೊಡುತ್ತದೆ. ಈ ನಡುವಣ ಪ್ರೋಗ್ರಾಮನ್ನು ಕನೆಕ್ಟರ್ ಎನ್ನುತ್ತಾರೆ.

ಒಂದು ಬಿಲ್ಲನ್ನು ಹಿಡಿದು ಹೋದರೆ ವಿಷಯ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿಯ ಎಲೆಕ್ಟ್ರಿಕಲ್ ಸಾಮಾನಿನ ಸಗಟು ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಬಿಲ್ಲಿನಲ್ಲಿ ಮೂರು ಸಾಲು, ಪ್ರತಿ ಸಾಲಿನ ತೆರಿಗೆ ಸೇರದ ಬೆಲೆ 102 ರೂಪಾಯಿ 50 ಪೈಸೆ, ಒಟ್ಟು 307.50. ತೆರಿಗೆ ಶೇಕಡಾ 18, ಅಂದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9. ಸಾಲಿನಿಂದ ಸಾಲಿಗೆ ಪೈಸೆಗೆ ಸರಿಪಡಿಸಿ ಲೆಕ್ಕ ಹಾಕಿದರೆ ಎರಡೂ ತೆರಿಗೆಗಳು 27.69 ಆಗುತ್ತವೆ. ಒಟ್ಟು 362.88, ಅದಕ್ಕೆ 12 ಪೈಸೆ ರೌಂಡ್ ಆಫ್ ಸೇರಿಸಿ ಗಿರಾಕಿ ಕೊಡಬೇಕಾದದ್ದು 363 ರೂಪಾಯಿ. ಕನೆಕ್ಟರ್ ಇದನ್ನು ಟ್ಯಾಲಿಯ ವೋಚರ್ ರೂಪಕ್ಕೆ ತರುತ್ತದೆ. ದಾಸ್ತಾನಿನ ವಿವರ ಬಿಟ್ಟು, ಲೆಡ್ಜರುಗಳನ್ನಷ್ಟೇ ಇಟ್ಟುಕೊಂಡರೆ ಅದರ ಮುಖ್ಯ ಭಾಗ ಹೀಗಿರುತ್ತದೆ:

```
<VOUCHER REMOTEID="SHOP1-000417" VCHTYPE="Sales" ACTION="Create">
  <DATE>20251114</DATE>
  <VOUCHERTYPENAME>Sales</VOUCHERTYPENAME>
  <VOUCHERNUMBER>HB/25-26/0417</VOUCHERNUMBER>
  <ALLLEDGERENTRIES.LIST>
    <LEDGERNAME>Cust-0088</LEDGERNAME>
    <ISDEEMEDPOSITIVE>Yes</ISDEEMEDPOSITIVE>
    <AMOUNT>-363.00</AMOUNT>
  </ALLLEDGERENTRIES.LIST>
  <ALLLEDGERENTRIES.LIST>
    <LEDGERNAME>Sales 18%</LEDGERNAME>
    <ISDEEMEDPOSITIVE>No</ISDEEMEDPOSITIVE>
    <AMOUNT>307.50</AMOUNT>
  </ALLLEDGERENTRIES.LIST>
</VOUCHER>
```

ಇದೇ ರೀತಿ ಇನ್ನೂ ಮೂರು ಲೆಡ್ಜರುಗಳು ಬರುತ್ತವೆ: ಎರಡು ತೆರಿಗೆಗಳು ಮತ್ತು ರೌಂಡ್ ಆಫ್. ಡೆಬಿಟ್ ಮೊತ್ತಕ್ಕೆ ಋಣ ಚಿಹ್ನೆ, ಕ್ರೆಡಿಟ್ ಮೊತ್ತಕ್ಕೆ ಚಿಹ್ನೆಯಿಲ್ಲ, ಎಲ್ಲವನ್ನೂ ಕೂಡಿಸಿದರೆ ಸೊನ್ನೆ ಬರಬೇಕು. ಮೊದಲ ಸಲ ಬರೆಯುವವರಿಗೆ ಈ ಚಿಹ್ನೆಗಳು ತಿರುಗುಮುರುಗಾಗುವುದು ಸಾಮಾನ್ಯ. ವೋಚರಿನ ಸುತ್ತಲೂ ಇರುವ ಹೊದಿಕೆಯಲ್ಲಿ `SVCURRENTCOMPANY` ಎಂಬ ಕಡೆ ಕಂಪನಿಯ ಹೆಸರು ಹೋಗುತ್ತದೆ. ಇದನ್ನು ಬಿಟ್ಟರೆ ಆ ಹೊತ್ತಿಗೆ ಟ್ಯಾಲಿಯಲ್ಲಿ ಚಾಲ್ತಿಯಲ್ಲಿರುವ ಕಂಪನಿಗೆ ವೋಚರ್ ಸೇರುತ್ತದೆ. ಅಕೌಂಟೆಂಟರು ಮಾಲೀಕರ ಇನ್ನೊಂದು ವ್ಯವಹಾರದ ಲೆಕ್ಕ ತೆರೆದು ಕೂತಿದ್ದರೆ ಒಂದು ದಿನದ ಮಾರಾಟವೆಲ್ಲ ಸದ್ದಿಲ್ಲದೆ ಅಲ್ಲಿಗೆ ಹೋಗಿಬಿಡುತ್ತದೆ. ಆದ್ದರಿಂದ ಹೆಸರು ಕಡ್ಡಾಯ. ಕೆಲವರು ಪ್ರತಿ ಆರ್ಥಿಕ ವರ್ಷಕ್ಕೂ ಹೊಸ ಕಂಪನಿ ಕಡತ ಮಾಡಿ ಹೆಸರಿನ ಕೊನೆಗೆ ವರ್ಷ ಸೇರಿಸುತ್ತಾರೆ. ಅಂಥ ಕಡೆ ಏಪ್ರಿಲ್ 1ರಂದು ಸಿಂಕ್ ನಿಂತರೆ ಮೊದಲು ನೋಡಬೇಕಾದದ್ದು ಈ ಹೆಸರನ್ನೇ.

ಮಾರಾಟದ ವೋಚರ್ ಬಗೆಗೆ ಟ್ಯಾಲಿಯಲ್ಲಿ ಸಂಖ್ಯೆ ತಾನಾಗಿ ಬೀಳುವಂತೆ ಇಟ್ಟಿದ್ದರೆ, ಕಳಿಸಿದ ಬಿಲ್ ಸಂಖ್ಯೆ ಬದಿಗೆ ಸರಿದು ಟ್ಯಾಲಿ ತನ್ನದೇ ಸಂಖ್ಯೆ ಕೊಡಬಹುದು. ಆಗ ಗಿರಾಕಿಯ ಕೈಯಲ್ಲಿರುವ ಬಿಲ್ಲಿಗೂ ಪುಸ್ತಕಕ್ಕೂ ಸಂಬಂಧವೇ ಉಳಿಯುವುದಿಲ್ಲ. ಸಂಖ್ಯೆ ಕೈಯಿಂದ ಕೊಡುವ ಕ್ರಮಕ್ಕೆ ಬದಲಿಸಿ, ಅದೇ ಸಂಖ್ಯೆ ಎರಡನೇ ಸಲ ಬಂದರೆ ತಡೆಯುವ ಆಯ್ಕೆಯನ್ನೂ ಹಾಕುವುದು ಒಳ್ಳೆಯದು. ಜಿಎಸ್‌ಟಿಯ 46ನೇ ನಿಯಮದಂತೆ ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ ಮತ್ತು ಒಂದು ಆರ್ಥಿಕ ವರ್ಷದೊಳಗೆ ಮರುಕಳಿಸುವಂತಿಲ್ಲ. ಕಾನೂನೇ ಹಾಕಿದ ಈ ಕಟ್ಟು ಮುಂದೆ ತಾಳೆ ನೋಡುವಾಗ ಬಹಳ ನೆರವಿಗೆ ಬರುತ್ತದೆ.

ಇನ್ನು ಉತ್ತರದ ವಿಚಾರ. ಎಪಿಐ ಜೋಡಣೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಅತಿ ದೊಡ್ಡದು ಇಲ್ಲಿಯೇ ಆಗುತ್ತದೆ. ವೆಬ್‌ನ ರೂಢಿಯಂತೆ 200 ಎಂಬ ಸಂಕೇತ ಬಂದರೆ ಕೆಲಸ ಆಯಿತೆಂದು ಪ್ರೋಗ್ರಾಂ ಬರೆಯುವವರು ತಿಳಿಯುತ್ತಾರೆ. ಟ್ಯಾಲಿ ಆ ಸಂಕೇತವನ್ನು ಬೇಡಿಕೆ ತಲುಪಿತು ಎನ್ನಲು ಮಾತ್ರ ಬಳಸುತ್ತದೆ, ವೋಚರ್ ತಿರಸ್ಕಾರವಾದರೂ ಅದೇ 200 ಬರುತ್ತದೆ. ನಿಜ ಸಂಗತಿ ಉತ್ತರದ ಒಳಗಿರುತ್ತದೆ. ಸಂಕ್ಷೇಪಿಸಿ ಹೇಳುವುದಾದರೆ:

```
<RESPONSE>
  <LINEERROR>Ledger 'Cust-0088' does not exist!</LINEERROR>
  <CREATED>0</CREATED>
  <ALTERED>0</ALTERED>
  <ERRORS>1</ERRORS>
</RESPONSE>
```

ಹೊಸದಾಗಿ ಸೇರಿದ್ದು ಎಷ್ಟು, ತಿದ್ದಿದ್ದು ಎಷ್ಟು, ತಪ್ಪಾದದ್ದು ಎಷ್ಟು ಎಂಬ ಎಣಿಕೆಗಳು ಇವು. ಹೊಸ ಆವೃತ್ತಿಗಳಲ್ಲಿ `EXCEPTIONS` ಎಂಬ ಇನ್ನೊಂದು ಎಣಿಕೆಯೂ ಬರುತ್ತದೆ. ಒಂದು ಬಿಲ್ ಕಳಿಸಿದಾಗ ಸೇರಿದ್ದು ಅಥವಾ ತಿದ್ದಿದ್ದು ಒಂದಾಗಿರಬೇಕು, ತಪ್ಪು ಮತ್ತು ಅಪವಾದ ಸೊನ್ನೆಯಾಗಿರಬೇಕು. ಈ ಎರಡೂ ಷರತ್ತು ಕೂಡಿದರೆ ಮಾತ್ರ ಬಿಲ್ ದಾಖಲಾಯಿತೆಂದು ಗುರುತು ಹಾಕಬೇಕು. ವೇಗಕ್ಕಾಗಿ ಐವತ್ತು ಬಿಲ್ಲುಗಳನ್ನು ಒಟ್ಟಿಗೆ ಕಳಿಸುವ ಆಸೆ ಸಹಜ. ಆದರೆ ನಲವತ್ತೆಂಟು ಸೇರಿ ಎರಡು ತಪ್ಪಾದರೆ ಯಾವ ಎರಡು ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ದಿನಕ್ಕೆ ಕೆಲವು ನೂರು ಬಿಲ್ಲುಗಳ ಅಂಗಡಿಯಲ್ಲಿ ಒಂದೊಂದಾಗಿ ಕಳಿಸುವುದೇ ಲೇಸು.

ಬಿಲ್ ಸೇರದಿರಲು ಕಾರಣಗಳು ಹಲವಿದ್ದರೂ ಗುಣದಲ್ಲಿ ಅವು ಮೂರೇ ಬಗೆ, ಮೂರಕ್ಕೂ ಮದ್ದು ಬೇರೆ. ಮೊದಲನೆಯದು ದಾರಿಯೇ ಮುಚ್ಚಿರುವುದು. ಟ್ಯಾಲಿ ತೆರೆದಿಲ್ಲ, ಕಂಪ್ಯೂಟರ್ ಆರಿದೆ, ಕಂಪನಿಯ ಕಡತ ತೆರೆದಿಲ್ಲ. ಬೇಡಿಕೆ ಒಳಗೇ ಹೋಗಿಲ್ಲವಾದ್ದರಿಂದ ಇದರಲ್ಲಿ ಅಪಾಯವಿಲ್ಲ, ಕಾದು ಮತ್ತೆ ಕಳಿಸಿದರಾಯಿತು. ಒಂದು ನಿಮಿಷ, ಐದು ನಿಮಿಷ, ಹದಿನೈದು ನಿಮಿಷ ಎಂದು ಅಂತರ ಹೆಚ್ಚಿಸುತ್ತಾ ಹೋಗುವುದು ವಾಡಿಕೆ. ಟ್ಯಾಲಿಯ ಬದಲು ಜೋಹೋ ಬುಕ್ಸ್‌ನಂಥ ಕ್ಲೌಡ್ ತಂತ್ರಾಂಶವಿದ್ದರೆ ಇದೇ ಬಗೆಗೆ ಸೇರುವುದು 429 ಎಂಬ ಸಂಕೇತ: ನಿಮಿಷಕ್ಕೆ ಇಷ್ಟೇ ಬೇಡಿಕೆ ಎಂಬ ಮಿತಿ ಮೀರಿದೆ, ಸ್ವಲ್ಪ ತಾಳಿ ಎಂದು ಅದರ ಅರ್ಥ.

ಎರಡನೆಯ ಬಗೆಯಲ್ಲಿ ಬೇಡಿಕೆ ತಲುಪಿದೆ, ಆದರೆ ಅದರ ಒಳಗಿನ ವಿಷಯ ಸರಿಯಿಲ್ಲ. ಇಂಥದ್ದನ್ನು ನೂರು ಸಲ ಕಳಿಸಿದರೂ ನೂರು ಸಲವೂ ಅದೇ ಉತ್ತರ. ಮತ್ತೆ ಮತ್ತೆ ಯತ್ನಿಸದೆ ನಿಲ್ಲಿಸಿ, ಮನುಷ್ಯರ ಕಣ್ಣಿಗೆ ಬೀಳುವಂತೆ ಎತ್ತಿಡಬೇಕು. ಇದರಲ್ಲಿ ಪದೇ ಪದೇ ಎದುರಾಗುವುದು ಮೇಲಿನ ಉತ್ತರದಲ್ಲಿ ಕಂಡ ಲೆಡ್ಜರ್ ಇಲ್ಲದ ಪ್ರಸಂಗ. ಕೌಂಟರಿನಲ್ಲಿ ಹೊಸ ಗಿರಾಕಿಯನ್ನು ಸೇರಿಸಿದರು, ಟ್ಯಾಲಿಯಲ್ಲಿ ಅವರ ಖಾತೆ ಇನ್ನೂ ಇಲ್ಲ. ಅಥವಾ ಅಕೌಂಟೆಂಟರು ಹಳೆಯ ಖಾತೆಯ ಹೆಸರಿನ ಕಾಗುಣಿತ ತಿದ್ದಿದರು, ನಿನ್ನೆಯವರೆಗೆ ಹೋಗುತ್ತಿದ್ದ ಬಿಲ್ ಇಂದು ನಿಂತಿತು. ಕೆಲವು ಕನೆಕ್ಟರುಗಳು ಖಾತೆ ಸಿಗದಿದ್ದರೆ ತಾವೇ ಹೊಸದನ್ನು ಮಾಡಿಬಿಡುತ್ತವೆ. ಮೇಲ್ನೋಟಕ್ಕೆ ಇದು ಅನುಕೂಲ. ಆದರೆ ವರ್ಷದ ಕೊನೆಗೆ ಒಬ್ಬರೇ ವ್ಯಾಪಾರಿಗೆ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸದ ಎರಡು ಖಾತೆಗಳಿರುತ್ತವೆ: ಒಂದರಲ್ಲಿ ಉದ್ರಿ ಬಾಕಿ, ಇನ್ನೊಂದರಲ್ಲಿ ಅವರು ಕಟ್ಟಿದ ಹಣ. ಹೆಸರನ್ನು ಗುರುತಾಗಿ ನಂಬದೆ, ಬಿಲ್ಲಿಂಗ್ ಕಡೆಯ ಗಿರಾಕಿ ಸಂಖ್ಯೆಗೆ ಟ್ಯಾಲಿಯ ಯಾವ ಲೆಡ್ಜರ್ ಎಂಬ ಜೋಡಿಪಟ್ಟಿಯನ್ನು ಕನೆಕ್ಟರಿನಲ್ಲೇ ಇಟ್ಟುಕೊಳ್ಳಬೇಕು. ಜಿಎಸ್‌ಟಿ ಸಂಖ್ಯೆಯಿರುವ ವ್ಯಾಪಾರಿಗಳಲ್ಲಿ ಆ ಸಂಖ್ಯೆಯಿಂದಲೇ ಜೋಡಿ ಹೊಂದಿಸಬಹುದು. ಸಿಗದ ಹೊಸಬರನ್ನು ಅಕೌಂಟೆಂಟರು ಒಮ್ಮೆ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಖಾತೆ ತೆರೆಯುವುದು ಸರಿಯಾದ ದಾರಿ.

ಹೆಸರಿನಲ್ಲೇ ಅಡಗಿರುವ ಇನ್ನೊಂದು ತೊಡಕು `&` ಚಿಹ್ನೆ. ಅಂಗಡಿಗಳ ಹೆಸರಿನಲ್ಲಿ ಈ ಚಿಹ್ನೆ ತೀರ ಸಾಮಾನ್ಯ, ಎಕ್ಸ್ಎಂಎಲ್ ರೂಪದಲ್ಲಿ ಮಾತ್ರ ಅದಕ್ಕೆ ಬೇರೆಯೇ ಅರ್ಥ. ಅದನ್ನು `&amp;` ಎಂದು ಬದಲಿಸದೆ ಕಳಿಸಿದರೆ ಟ್ಯಾಲಿಗೆ ಬೇಡಿಕೆ ಓದಲೇ ಆಗುವುದಿಲ್ಲ. ಎಲ್ಲರ ಬಿಲ್ಲೂ ಹೋಗುತ್ತಿದ್ದು ಒಬ್ಬ ಗಿರಾಕಿಯದು ಮಾತ್ರ ಎಂದೂ ಹೋಗದಿದ್ದರೆ ಅವರ ಹೆಸರಿನಲ್ಲಿ ಈ ಚಿಹ್ನೆ ಇದೆಯೇ ಎಂದು ನೋಡಬೇಕು.

ಪೈಸೆಯ ತಕರಾರಿಗೆ ಸ್ವಲ್ಪ ಹೆಚ್ಚು ಗಮನ ಬೇಕು. ಮೇಲಿನ ಬಿಲ್ಲನ್ನೇ ನೋಡಬಹುದು. ಕೌಂಟರಿನ ತಂತ್ರಾಂಶ ಪ್ರತಿ ಸಾಲಿಗೂ ತೆರಿಗೆ ಹಾಕಿತು: 102.50ಕ್ಕೆ ಶೇಕಡಾ 9 ಎಂದರೆ 9.225, ಪೈಸೆಗೆ ಸರಿಪಡಿಸಿದರೆ 9.23, ಮೂರು ಸಾಲಿಗೆ 27.69. ಕನೆಕ್ಟರ್ ಬರೆದವರು ಬಿಲ್ಲಿನಿಂದ ತೆರಿಗೆಯನ್ನು ತೆಗೆದುಕೊಳ್ಳದೆ ಒಟ್ಟು ಮೊತ್ತದ ಮೇಲೆ ತಾವೇ ಲೆಕ್ಕ ಹಾಕಿದರು ಎಂದುಕೊಳ್ಳೋಣ. 307.50ಕ್ಕೆ ಶೇಕಡಾ 9 ಎಂದರೆ 27.675, ಸರಿಪಡಿಸಿದರೆ 27.68. ಎರಡು ತೆರಿಗೆಗಳಲ್ಲಿ ಒಂದೊಂದು ಪೈಸೆ ಕಡಿಮೆಯಾಯಿತು. ಮಾರಾಟ 307.50, ತೆರಿಗೆ 55.36, ಬಿಲ್ಲಿನಲ್ಲಿದ್ದ ರೌಂಡ್ ಆಫ್ 0.12, ಕೂಡಿಸಿದರೆ 362.98. ಗಿರಾಕಿಯ ಡೆಬಿಟ್ 363.00. ಎರಡು ಪೈಸೆ ವ್ಯತ್ಯಾಸಕ್ಕೆ ವೋಚರಿನ ಎರಡೂ ಬದಿ ಸಮವಾಗಿಲ್ಲವೆಂದು ಟ್ಯಾಲಿ ಅದನ್ನು ತಳ್ಳಿಹಾಕುತ್ತದೆ. ಎಲ್ಲ ಬಿಲ್ಲುಗಳಲ್ಲೂ ಹೀಗಾಗುವುದಿಲ್ಲ, ಸಾಲುಗಳ ಮೊತ್ತ ಒಂದು ಬಗೆಯಲ್ಲಿ ಕೂಡಿಬಂದಾಗ ಮಾತ್ರ ಆಗುತ್ತದೆ. ಹಾಗಾಗಿಯೇ ಪರೀಕ್ಷೆಯ ದಿನ ಕಾಣದ ಈ ತಪ್ಪು ಕೆಲಸ ಶುರುವಾದ ಮೇಲೆ ಅಲ್ಲೊಂದು ಇಲ್ಲೊಂದು ತಲೆ ಎತ್ತುತ್ತದೆ. ವ್ಯತ್ಯಾಸವನ್ನು ರೌಂಡ್ ಆಫ್ ಖಾತೆಗೆ ತಳ್ಳಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ವೋಚರ್ ಸೇರುತ್ತದೆ, ಆದರೆ ಗಿರಾಕಿಗೆ ಕೊಟ್ಟ ಬಿಲ್ಲಿನ ತೆರಿಗೆಗೂ ಪುಸ್ತಕದ ತೆರಿಗೆಗೂ ವ್ಯತ್ಯಾಸ ಉಳಿದೇ ಇರುತ್ತದೆ. ಕನೆಕ್ಟರ್ ತೆರಿಗೆ ಲೆಕ್ಕ ಹಾಕಲೇಬಾರದು. ಅಚ್ಚಾದ ಬಿಲ್ಲಿನ ಮೇಲೆ ಇರುವ ಅಂಕಿಗಳನ್ನೇ ಸಾಗಿಸಬೇಕು, ಒಳಗೆ ಪೈಸೆಗಳ ಪೂರ್ಣಾಂಕದಲ್ಲಿ ಇಟ್ಟುಕೊಂಡು ಕಳಿಸುವ ಮೊದಲೇ ಕೂಡಿಸಿ ಸೊನ್ನೆ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ದಿನಾಂಕದ್ದೂ ಒಂದು ವಿಶೇಷ ಪ್ರಸಂಗವಿದೆ. ಪರವಾನಗಿ ಸಿಗದಾಗ ಟ್ಯಾಲಿ ಕಲಿಕೆಯ ಸ್ಥಿತಿಯಲ್ಲಿ ತೆರೆಯುತ್ತದೆ. ಆ ಸ್ಥಿತಿಯಲ್ಲಿ ತಿಂಗಳ 1, 2 ಮತ್ತು 31ರಂಥ ಕೆಲವೇ ದಿನಾಂಕಗಳ ವೋಚರುಗಳನ್ನು ಮಾತ್ರ ಅದು ಒಪ್ಪುತ್ತದೆ. ಎರಡನೇ ತಾರೀಕಿನವರೆಗೆ ಸರಿಯಾಗಿ ಹೋದ ಬಿಲ್ಲುಗಳು ಮೂರರಿಂದ ಒಂದೂ ಹೋಗದಿದ್ದರೆ ತಪ್ಪು ಕನೆಕ್ಟರಿನಲ್ಲಿ ಇಲ್ಲದಿರಬಹುದು, ಪರವಾನಗಿಯನ್ನು ನೋಡಬೇಕು.

ಮೂರನೆಯ ಬಗೆ ಎಲ್ಲಕ್ಕಿಂತ ತೊಡಕಿನದು. ಬಿಲ್ ಕಳಿಸಿದ್ದಾಯಿತು, ಉತ್ತರ ಬರುವ ಮುಂಚೆ ಕಾಯುವ ಅವಧಿ ಮುಗಿಯಿತು, ಅಥವಾ ಕರೆಂಟ್ ಹೋಯಿತು. ವೋಚರ್ ಸೇರಿರಬಹುದು, ಸೇರದಿರಬಹುದು. ಕಳಿಸಿದವರಿಗೆ ಕಾಣುವುದು ಸೋತ ಯತ್ನ ಮಾತ್ರ. ಇದನ್ನು ಮೊದಲ ಬಗೆಯೆಂದು ತಿಳಿದು ಹೊಸ ವೋಚರಾಗಿ ಮತ್ತೆ ಕಳಿಸಿದರೆ ಒಂದೇ ಮಾರಾಟ ಎರಡು ಸಲ ಸೇರಿಕೊಳ್ಳುತ್ತದೆ. ಗಿರಾಕಿಯ ಬಾಕಿ ಹೆಚ್ಚಾಗುತ್ತದೆ, ಆಗದ ವ್ಯಾಪಾರಕ್ಕೆ ತೆರಿಗೆ ಬೀಳುತ್ತದೆ. ಬಿಟ್ಟುಬಿಟ್ಟರೆ ಆದ ವ್ಯಾಪಾರ ಪುಸ್ತಕದಿಂದ ತಪ್ಪಿಹೋಗಬಹುದು.

ಇದಕ್ಕೆ ಪರಿಹಾರ ಪ್ರತಿ ಬಿಲ್ಲಿಗೂ ಬದಲಾಗದ ಒಂದು ಗುರುತು ಕೊಡುವುದು. ಮೇಲಿನ ವೋಚರಿನ ಮೊದಲ ಸಾಲಿನಲ್ಲಿರುವ `REMOTEID` ಈ ಕೆಲಸಕ್ಕೇ ಇದೆ. ಅದೇ ಗುರುತಿನ ವೋಚರ್ ಈಗಾಗಲೇ ಇದ್ದರೆ ಟ್ಯಾಲಿ ಇನ್ನೊಂದನ್ನು ಹುಟ್ಟಿಸದೆ ಇರುವುದನ್ನೇ ತಿದ್ದುತ್ತದೆ, ಉತ್ತರದಲ್ಲಿ `CREATED` ಸೊನ್ನೆಯಾಗಿ `ALTERED` ಒಂದಾಗುತ್ತದೆ. ಜೋಡಣೆ ಮುಗಿದ ದಿನವೇ ಒಂದು ಬಿಲ್ಲನ್ನು ಬೇಕೆಂದೇ ಎರಡು ಸಲ ಕಳಿಸಿ ಹೀಗಾಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆ ಗುರುತು ಬಿಲ್ಲಿಂಗ್ ತಂತ್ರಾಂಶದಲ್ಲಿ ಬಿಲ್ ಹುಟ್ಟಿದಾಗಲೇ ಹುಟ್ಟಬೇಕು. ಪ್ರತಿ ಯತ್ನಕ್ಕೂ ಹೊಸ ಗುರುತು ಹುಟ್ಟಿಸುವ ಕನೆಕ್ಟರ್ ಈ ರಕ್ಷಣೆಯನ್ನೇ ಕಳೆದುಕೊಳ್ಳುತ್ತದೆ. ಇಂಥ ಸೌಲಭ್ಯ ಇಲ್ಲದ ತಂತ್ರಾಂಶವಾದರೆ ಮತ್ತೆ ಕಳಿಸುವ ಮೊದಲು ಆ ಬಿಲ್ ಸಂಖ್ಯೆ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಮಾತ್ರ ಕಳಿಸಬೇಕು.

ಇಷ್ಟನ್ನೂ ನೆನಪಿಟ್ಟುಕೊಳ್ಳಲು ಬಿಲ್ಲಿಂಗ್ ಕಡೆಯ ಡೇಟಾಬೇಸಿನಲ್ಲಿ ಒಂದು ಸರದಿ ಬೇಕು. ಬಿಲ್ ಉಳಿಸುವ ಕೆಲಸ ಮತ್ತು ಸರದಿಯಲ್ಲಿ ಅದರ ಸಾಲು ಬರೆಯುವ ಕೆಲಸ ಒಂದೇ ವಹಿವಾಟಿನೊಳಗೆ ಆಗಬೇಕು. ಆಗುವುದಾದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಬಿಲ್ ಉಳಿಸಿದ ಮೇಲೆ ಟ್ಯಾಲಿಗೆ ನೇರವಾಗಿ ಕಳಿಸುವ ಕ್ರಮದಲ್ಲಿ, ಆ ಎರಡರ ನಡುವೆ ಯಂತ್ರ ನಿಂತರೆ ಬಿಲ್ ಯಾರ ಪಟ್ಟಿಯಲ್ಲೂ ಇಲ್ಲದೆ ಕಳೆದುಹೋಗುತ್ತದೆ. ಸರದಿಯ ಪ್ರತಿ ಸಾಲಿನಲ್ಲಿ ಬಿಲ್ಲಿನ ಗುರುತು, ಈಗಿನ ಸ್ಥಿತಿ, ಎಷ್ಟು ಯತ್ನಗಳಾದವು, ಮುಂದಿನ ಯತ್ನ ಯಾವಾಗ ಮತ್ತು ಟ್ಯಾಲಿ ಕೊಟ್ಟ ಉತ್ತರ ಇದ್ದಹಾಗೇ ಇರಬೇಕು. ಉತ್ತರವನ್ನು ಸಂಕ್ಷೇಪಿಸಿ ‘ವಿಫಲ’ ಎಂದಷ್ಟೇ ಬರೆದಿಟ್ಟರೆ ಸರಿಪಡಿಸಲು ಕೂರುವವರಿಗೆ ಏನೂ ಸಿಗುವುದಿಲ್ಲ. ತಡೆಹಿಡಿದ ಬಿಲ್ಲುಗಳು ಅಕೌಂಟೆಂಟರಿಗೆ ಅರ್ಥವಾಗುವ ಮಾತಿನಲ್ಲಿ, ಯಾವ ಗಿರಾಕಿಯ ಯಾವ ಬಿಲ್, ಏನು ಮಾಡಬೇಕು ಎಂಬುದರೊಡನೆ ಪರದೆಯ ಮೇಲೆ ಕಾಣಬೇಕು. ಒಂದು ಬಿಲ್ ತಡೆಯಾದರೆ ಉಳಿದವು ಕಾಯಬೇಕಿಲ್ಲ. ಆದರೆ ಅದೇ ಬಿಲ್ಲಿಗೆ ಬಂದ ಕ್ರೆಡಿಟ್ ನೋಟು ಮಾತ್ರ ಬಿಲ್ ಸೇರಿದ ನಂತರವೇ ಹೋಗಬೇಕು.

ತಿದ್ದಿದ ಮತ್ತು ರದ್ದಾದ ಬಿಲ್ಲುಗಳಲ್ಲಿ ಎಚ್ಚರ ಬೇಕು. ಟ್ಯಾಲಿಯಲ್ಲಿದ್ದುದನ್ನು ಅಳಿಸಿ ಹೊಸದಾಗಿ ಕಳಿಸುವುದು ಸುಲಭವೆನಿಸಿದರೂ ಒಳ್ಳೆಯ ಪದ್ಧತಿಯಲ್ಲ. ಕಂಪನಿ ಕಾನೂನಿನಡಿ ಬರುವ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ, ಪ್ರತಿ ಬದಲಾವಣೆಯ ದಾಖಲೆ ಉಳಿಸುವ ಮತ್ತು ಆ ಸೌಲಭ್ಯವನ್ನು ಆರಿಸಲಾಗದ ಲೆಕ್ಕ ತಂತ್ರಾಂಶವನ್ನೇ ಬಳಸಬೇಕು. ಅಳಿಸಿ ಬರೆದ ನೂರಾರು ವೋಚರುಗಳ ಗುರುತು ಅಲ್ಲಿ ಉಳಿದು, ಲೆಕ್ಕ ಪರಿಶೋಧಕರ ಪ್ರಶ್ನೆಗಳಿಗೆ ಕಾರಣವಾಗುತ್ತದೆ. ರದ್ದಾದ ಬಿಲ್ಲನ್ನು ಅದೇ ಗುರುತಿನಲ್ಲಿ ರದ್ದೆಂದು ಕಳಿಸುವುದು, ಗಿರಾಕಿಗೆ ತಲುಪಿ ತೆರಿಗೆ ಲೆಕ್ಕಕ್ಕೆ ಸೇರಿಹೋದ ಬಿಲ್ಲಿಗೆ ಕ್ರೆಡಿಟ್ ನೋಟು ಕೊಡುವುದು ಸರಿಯಾದ ಕ್ರಮ.

ಸರದಿ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ತಿಳಿದಿರುವುದು ತಾನು ಕಳಿಸಿದ್ದು ಮಾತ್ರ. ಸೇರಿದ ಮೇಲೆ ಯಾರಾದರೂ ಟ್ಯಾಲಿಯಲ್ಲಿ ಮೊತ್ತ ತಿದ್ದಿದರೆ, ಹಳೆಯ ಬ್ಯಾಕಪ್ ಹಾಕಿದ್ದರಿಂದ ಎರಡು ದಿನದ ವೋಚರುಗಳು ಮಾಯವಾದರೆ ಸರದಿಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ದಿನದ ಕೊನೆಗೆ ಎರಡೂ ಕಡೆಯ ತಾಳೆ ನೋಡಬೇಕು. ಆ ದಿನದ ಮಾರಾಟದ ವೋಚರುಗಳನ್ನು ಅದೇ ಪೋರ್ಟಿನಿಂದ ಓದಿಕೊಂಡು, ಮೊದಲು ಬಿಲ್ಲುಗಳ ಎಣಿಕೆ, ಆಮೇಲೆ ಒಟ್ಟು ಮೊತ್ತ ಹೋಲಿಸುವುದು. ಎರಡೂ ಹೊಂದಿದರೆ ಬಹುಮಟ್ಟಿಗೆ ನಿಶ್ಚಿಂತೆ. ಹೊಂದದಿದ್ದರೆ ಬಿಲ್ ಸಂಖ್ಯೆ ಹಿಡಿದು ಸಾಲು ಸಾಲಾಗಿ ನೋಡಬೇಕು. ಬಿಲ್ಲಿಂಗ್‌ನಲ್ಲಿದ್ದು ಟ್ಯಾಲಿಯಲ್ಲಿ ಇಲ್ಲದ್ದನ್ನು ಅದೇ ಗುರುತಿನೊಡನೆ ಮತ್ತೆ ಸರದಿಗೆ ಹಾಕಬಹುದು. ಎರಡೂ ಕಡೆ ಇದ್ದು ಮೊತ್ತ ಬೇರೆಯಾದದ್ದನ್ನು ಯಂತ್ರ ತಾನಾಗಿ ತಿದ್ದಬಾರದು, ಅಕೌಂಟೆಂಟರು ಕಾರಣವಿದ್ದೇ ಬದಲಿಸಿರಬಹುದು. ಟ್ಯಾಲಿಯಲ್ಲಿ ಮಾತ್ರ ಇರುವುದು ಕೈಯಿಂದ ಬರೆದ ಬಿಲ್ಲಾಗಿರಬಹುದು, ಸಿಂಕ್ ತಡವಾಯಿತೆಂದು ಯಾರೋ ಬರೆದುಬಿಟ್ಟ ಎರಡನೇ ಪ್ರತಿಯೂ ಆಗಿರಬಹುದು. ಹೀಗೆ ಬರೆದದ್ದಕ್ಕೆ ಕನೆಕ್ಟರಿನ ಗುರುತು ಇರುವುದಿಲ್ಲವಾದ್ದರಿಂದ `REMOTEID` ಅದನ್ನು ತಡೆಯಲಾರದು, ಬಿಲ್ ಸಂಖ್ಯೆಯ ತಾಳೆಯೊಂದೇ ಹಿಡಿಯಬಲ್ಲದು.

ಜಿಎಸ್‌ಟಿಆರ್-1 ಮಾರಾಟ ಪಟ್ಟಿಯನ್ನು ತಿಂಗಳ ಲೆಕ್ಕದಲ್ಲಿ ಸಲ್ಲಿಸುವವರಿಗೆ ಮುಂದಿನ ತಿಂಗಳ 11 ಕೊನೆಯ ದಿನ. ಹತ್ತನೇ ತಾರೀಕಿಗೆ ಹಿಂದಿನ ತಿಂಗಳ ಪೂರ್ತಿ ತಾಳೆಯನ್ನು ಮತ್ತೊಮ್ಮೆ ನಡೆಸಿ, ತಡೆಹಿಡಿದ ಬಿಲ್ ಒಂದೂ ಉಳಿದಿಲ್ಲವೆಂದು ನೋಡಿಕೊಂಡ ಮೇಲೆಯೇ ಪಟ್ಟಿ ಸಲ್ಲಿಸಬೇಕು. ಸಲ್ಲಿಸಿದ ತಿಂಗಳಿಗೆ ಆಮೇಲೆ ಸಿಂಕ್‌ನಿಂದ ಬರುವ ಯಾವ ವೋಚರನ್ನೂ ಕನೆಕ್ಟರ್ ತಾನಾಗಿ ಒಳಗೆ ಬಿಡದೆ, ತಡೆಪಟ್ಟಿಗೆ ಸೇರಿಸಿ ಅಕೌಂಟೆಂಟರ ತೀರ್ಮಾನಕ್ಕೆ ಕಾಯಬೇಕು.